ಪವಿತ್ರ ಅಂದರೆ ‘ಮೀಸಲು’: ಮೊದಲ ವರ್ಷದವರಿಗೆ ಪದಕೋಶ ಕಟ್ಟಿದ ಬಗೆ

ಧರ್ಮದ ಅಧ್ಯಯನದ ಪಾಠಕ್ಕೆ ಕೊಡುತ್ತಿದ್ದ ಹಳೆಯ ಪದಕೋಶದ ಹಾಳೆ ಒಂದೂವರೆ ಪುಟದ್ದು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ. ಸೇಕ್ರೆಡ್ ಎಂದರೆ ಪವಿತ್ರ, ರಿಚುವಲ್ ಎಂದರೆ ಆಚರಣೆ, ಮಿಥ್ ಎಂದರೆ ಪುರಾಣ. ಧಾರವಾಡದಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರುವವರು ನವಲಗುಂದ, ಕುಂದಗೋಳ, ಶಿರಹಟ್ಟಿ, ಸವಣೂರು, ಹಾನಗಲ್ಲ ಕಡೆಯಿಂದ ಬಂದಿರುತ್ತಾರೆ. ಈ ಮೂರೂ ಕನ್ನಡ ಪದ ಅವರಿಗೆ ಮೊದಲೇ ಗೊತ್ತು, ತೊಂದರೆ ಇರುವುದೇ ಅಲ್ಲಿ. ಗೊತ್ತಿಲ್ಲದ ಪದವಾದರೆ ಅರ್ಥ ಕೇಳುತ್ತಾರೆ. ಗೊತ್ತಿರುವ ಪದಕ್ಕೆ ಮನೆಯಲ್ಲಿ ಕಲಿತ ಅರ್ಥವನ್ನೇ ಹಚ್ಚಿ ಮುಂದೆ ಹೋಗುತ್ತಾರೆ. ಪರೀಕ್ಷೆಯಲ್ಲಿ ‘ಪವಿತ್ರ ಎಂದರೆ ಶುದ್ಧವಾದದ್ದು, ಅಪವಿತ್ರ ಎಂದರೆ ಹೊಲಸು’ ಎಂದು ಬರೆಯುತ್ತಾರೆ. ಅದು ಕನ್ನಡದಲ್ಲಿ ತಪ್ಪಲ್ಲ, ಆದರೆ ಪಾಠದಲ್ಲಿ ಹೇಳಿದ ಮಾತು ಅದಲ್ಲ.

ಆ ಹಾಳೆಯನ್ನು ತಿದ್ದುತ್ತ ಕೂರುವುದಕ್ಕಿಂತ ಹೊಸದನ್ನೇ ಕಟ್ಟುವುದು ಸಲೀಸು. ಮುಗಿದಾಗ 38 ಪದ ಉಳಿದವು, ಅರ್ಧ ಎ-ನಾಲ್ಕು ಅಳತೆಯಲ್ಲಿ 28 ಪುಟ. ಶುರು ಮಾಡಿದಾಗ ಚೀಟಿಗಳು ನೂರರ ಮೇಲಿದ್ದವು.

ಚೀಟಿ ಕಡಿಮೆ ಮಾಡುವಾಗ ಎರಡೇ ಪ್ರಶ್ನೆ. ಈ ಪದ ವಿದ್ಯಾರ್ಥಿಗೆ ಎರಡು ಬೇರೆ ಬೇರೆ ಪಾಠಗಳಲ್ಲಿ ಎದುರಾಗುತ್ತದೆಯೇ? ಶಾಸ್ತ್ರದ ಅರ್ಥಕ್ಕೂ ಮನೆಮಾತಿನ ಅರ್ಥಕ್ಕೂ ಫರಕು ಇದೆಯೇ? ಎರಡಕ್ಕೂ ‘ಹೌದು’ ಬಂದರೆ ಮಾತ್ರ ಚೀಟಿ ಉಳಿಯಿತು. ಪೂಜಾರಿ, ಗುಡಿ, ತೇರು, ಎಡೆ ಇವೆಲ್ಲ ಹೋದವು. ಅವನ್ನು ಅವರೇ ನಮಗೆ ಹೇಳಿಕೊಡಬಲ್ಲರು. ಹರಕೆ ಉಳಿಯಿತು, ಏಕೆಂದರೆ ಹರಕೆ, ಬಲಿ, ಕಾಣಿಕೆ ಮೂರನ್ನೂ ಒಂದೇ ಎಂದು ಬರೆಯುವವರು ಬಹಳ. ಹರಕೆಯಲ್ಲಿ ಷರತ್ತು ಇರುತ್ತದೆ, ಕೆಲಸ ಆದಮೇಲೆ ತೀರಿಸುವುದು ಇರುತ್ತದೆ. ಕಾಣಿಕೆಯಲ್ಲಿ ಅದು ಇರಲೇಬೇಕೆಂದಿಲ್ಲ.

ಒಂದು ಪದಕ್ಕೆ ಐದು ಸಾಲು

ಪ್ರತಿ ಪದಕ್ಕೂ ಒಂದೇ ಅಚ್ಚು. ಮೊದಲು ವಿವರಣೆ, ಒಂದೇ ವಾಕ್ಯ, 25 ಪದಕ್ಕೆ ಮೀರಬಾರದು. ಎರಡನೆಯದು ‘ಎಲ್ಲಿಂದ’: ಯಾರು, ಯಾವ ವರ್ಷ. ಮೂರನೆಯದು ‘ಇಲ್ಲಿ’: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ಒಂದೇ ಒಂದು ಉದಾಹರಣೆ. ನಾಲ್ಕನೆಯದು ‘ಇದಲ್ಲ’: ಯಾವುದರ ಜೊತೆ ಗೊಂದಲ ಆಗುತ್ತದೆ. ಐದನೆಯದು ‘ನೋಡಿ’: ಇದೇ ಪದಕೋಶದ ಬೇರೆ ಎರಡು ಮೂರು ಪದಗಳು. ಒಟ್ಟು 120 ಪದದೊಳಗೆ ಮುಗಿಯಬೇಕು.

ಈ ಐದರಲ್ಲಿ ಹೆಚ್ಚು ಕೆಲಸ ಮಾಡುವುದು ನಾಲ್ಕನೆಯ ಸಾಲು. ವಿವರಣೆ ಎಷ್ಟೇ ಚಲೋ ಇರಲಿ, ಓದುವವರು ಅದನ್ನು ತಮ್ಮ ಹಳೆಯ ಅರ್ಥದೊಳಗೆ ಮಡಚಿ ಇಟ್ಟುಕೊಳ್ಳುತ್ತಾರೆ. ‘ಇದಲ್ಲ’ ಎಂಬ ಸಾಲು ಆ ಮಡಿಕೆಯನ್ನು ಬಿಚ್ಚುತ್ತದೆ. ಆದ್ದರಿಂದ ಬರೆಯುವ ಕ್ರಮವನ್ನೂ ತಿರುಗಿಸಿದೆವು. ಮೊದಲು ‘ಇದಲ್ಲ’, ಆಮೇಲೆ ‘ಇಲ್ಲಿ’, ಕೊನೆಗೆ ವಿವರಣೆ. ವಿವರಣೆಯಿಂದಲೇ ಶುರು ಮಾಡಿದ ಪದಗಳು ಎರಡೆರಡು ಸಲ ಕೆಟ್ಟವು.

ಪವಿತ್ರ: ನಾಲ್ಕು ಸಲ ಬರೆದ ಪದ

ಮೊದಲ ಪ್ರಯತ್ನ ಹೀಗಿತ್ತು: ‘ಪವಿತ್ರ ಎಂದರೆ ಪೂಜ್ಯವಾದುದು.’ ‘ಪೂಜ್ಯ’ಕ್ಕೆ ಹೋದರೆ ‘ಪವಿತ್ರ ಎಂದು ಭಾವಿಸಲಾದುದು’ ಎಂದು ಬರೆದಿತ್ತು. ಗಾಣದ ಎತ್ತು ಸುತ್ತಿದಂತೆ. ಇದು ಎಲ್ಲ ಪದಕೋಶಗಳಿಗೂ ಬರುವ ರೋಗ, ಹಿಡಿಯುವ ಉಪಾಯ ಕೆಳಗೆ ಹೇಳಿದೆ.

ಎರಡನೆಯದು: ‘ದೇವರಿಗೆ ಸಂಬಂಧಿಸಿದ್ದು.’ ಇದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1912ರಲ್ಲಿ ಹೇಳಿದ್ದಕ್ಕೆ ನೇರ ವಿರುದ್ಧ. ಅವನು ಧರ್ಮದ ವಿವರಣೆಯಿಂದ ದೇವರನ್ನು ಬೇಕೆಂದೇ ಹೊರಗಿಟ್ಟ. ಎಲ್ಲ ಧರ್ಮಗಳಲ್ಲಿ ದೇವರು ಒಂದೇ ರೀತಿ ಮುಖ್ಯವಲ್ಲ, ಆದರೆ ವಸ್ತುಗಳನ್ನು ಎರಡು ಪಾಲು ಮಾಡುವುದು ಎಲ್ಲೆಡೆ ಇದೆ ಎಂಬುದು ಅವನ ವಾದ. ಒಂದು ಪಾಲು ಬೇರೆ ತೆಗೆದಿಟ್ಟದ್ದು, ಕಟ್ಟು ಹಾಕಿದ್ದು. ಇನ್ನೊಂದು ಪಾಲು ಉಳಿದದ್ದೆಲ್ಲ.

ಮೂರನೆಯದು: ‘ಬೇರ್ಪಡಿಸಿ ನಿಷೇಧಿಸಲಾದ ವಸ್ತುಗಳು.’ ಅರ್ಥ ಸರಿ ಇದೆ, ಕನ್ನಡ ಮಾತ್ರ ಸರಕಾರಿ ಸುತ್ತೋಲೆಯಂತಿದೆ. ಓದಿದವರಿಗೆ ನೆನಪಾದದ್ದು ಪ್ಲಾಸ್ಟಿಕ್ ನಿಷೇಧ.

ತೊಡಕು ಪದದ ಹುಟ್ಟಿನಲ್ಲೇ ಇದೆ. ‘ಪವಿತ್ರ’ ಬಂದದ್ದು ಸಂಸ್ಕೃತದ ಶುದ್ಧಗೊಳಿಸು ಎಂಬ ಅರ್ಥದ ಧಾತುವಿನಿಂದ. ಶುದ್ಧ ಮಾಡುವ ಸಾಧನ ಎಂಬುದು ಅದರ ಹಳೆಯ ಅರ್ಥ. ಪೂಜೆಯ ಹೊತ್ತಿಗೆ ಬೆರಳಿಗೆ ಹಾಕುವ ದರ್ಭೆಯ ಉಂಗುರಕ್ಕೂ ಪವಿತ್ರ ಎನ್ನುತ್ತಾರಲ್ಲ. ಇಂಗ್ಲಿಷಿನ ಸೇಕ್ರೆಡ್ ಹುಟ್ಟಿದ್ದು ಲ್ಯಾಟಿನ್ನಿನ ‘ಸಾಕೆರ್’ನಿಂದ. ಅದಕ್ಕೆ ಶುದ್ಧಿಯ ವಾಸನೆ ಇಲ್ಲ. ದೇವತೆಗೆ ಬಿಟ್ಟುಕೊಟ್ಟದ್ದು ಎಂಬುದು ಅದರ ಅರ್ಥ, ಶಾಪ ತಟ್ಟಿದವನಿಗೂ ಅದೇ ಪದ. ಹಾಗಾಗಿ ಪವಿತ್ರ ಎಂಬ ಪದ ಇಟ್ಟುಕೊಂಡು ಡರ್ಖೈಮನನ್ನು ವಿವರಿಸಹೋದರೆ, ಪದವೇ ಶುದ್ಧಿಯ ಕಡೆಗೆ ಜಗ್ಗುತ್ತದೆ.

ಬೇಕಾದ ಪದ ಅಡಿಗೆಮನೆಯಲ್ಲೇ ಇತ್ತು: ಮೀಸಲು. ‘ಆ ಹಿಟ್ಟು ಮುಟ್ಟಬ್ಯಾಡ, ದೇವರಿಗೆ ಮೀಸಲು ತಗದೀನಿ’ ಎನ್ನುವ ಮಾತಿನಲ್ಲಿ ಡರ್ಖೈಮನ ಅರ್ಧ ವಿವರಣೆ ಇದೆ. ಅದೇ ಡಬ್ಬಿಯ ಹಿಟ್ಟು, ಅದೇ ಜೋಳದ್ದು. ಹಿಟ್ಟಿನ ಗುಣ ಬದಲಾಗಿಲ್ಲ. ಒಂದು ಪಾಲನ್ನು ಬೇರೆ ಇಟ್ಟರು, ಅದಕ್ಕೆ ಕಟ್ಟು ಬಿತ್ತು, ಮುಟ್ಟಿದರೆ ಕೆಡುತ್ತದೆ. ಪಾವಿತ್ರ್ಯ ವಸ್ತುವಿನೊಳಗೆ ಇಲ್ಲ, ಜನ ಅದನ್ನು ಇಟ್ಟ ರೀತಿಯಲ್ಲಿದೆ ಎಂಬ ಕಠಿಣ ಮಾತನ್ನು ಮೀಸಲು ಹಿಟ್ಟು ಎರಡು ನಿಮಿಷದಲ್ಲಿ ಹೇಳಿಬಿಡುತ್ತದೆ.

ತಲೆಪದವನ್ನು ‘ಮೀಸಲು’ ಎಂದೇ ಮಾಡಬಹುದಿತ್ತು. ಮಾಡಲಿಲ್ಲ. ಪ್ರಶ್ನೆಪತ್ರಿಕೆಯಲ್ಲೂ ಪಠ್ಯದಲ್ಲೂ ‘ಪವಿತ್ರ’ ಎಂದೇ ಇರುತ್ತದೆ, ವಿದ್ಯಾರ್ಥಿ ಹುಡುಕುವುದು ಅದನ್ನೇ. ಇನ್ನೊಂದು, ಮೀಸಲು ಎಂದ ಕೂಡಲೇ ಈಗ ಮೀಸಲಾತಿ ನೆನಪಾಗುತ್ತದೆ. ಅದರಿಂದ ಕೆಡುಕೇನೂ ಆಗಲಿಲ್ಲ. ‘ಇಂಥದ್ದು ಇಂಥವರಿಗೆ, ಬೇರೆಯವರು ಮುಟ್ಟುವ ಹಾಗಿಲ್ಲ’ ಎಂಬ ಎಲುಬು ಎರಡರಲ್ಲೂ ಒಂದೇ. ತಲೆಪದ ಪವಿತ್ರ, ವಿವರಣೆಗೆ ಮೀಸಲು ಎಂದು ತೀರ್ಮಾನಿಸಿದ ಮೇಲೆ ನಾಲ್ಕನೆಯ ಪ್ರಯತ್ನ ನಿಂತಿತು:

> ಪವಿತ್ರ. ಒಂದು ಸಮುದಾಯ ದಿನಬಳಕೆಯಿಂದ ಮೀಸಲಾಗಿ ತೆಗೆದಿಟ್ಟು, ಯಾರು, ಯಾವಾಗ, ಹೇಗೆ ಮುಟ್ಟಬೇಕೆಂದು ಕಟ್ಟು ಹಾಕಿದ ವಸ್ತು, ಜಾಗ, ಹೊತ್ತು, ಮಾತು ಅಥವಾ ವ್ಯಕ್ತಿ.
> ಎಲ್ಲಿಂದ: ಎಮಿಲ್ ಡರ್ಖೈಮ್, 1912. ಇದರ ಎದುರು ನಿಂತ ಇನ್ನೊಂದು ನೋಟ ರುಡಾಲ್ಫ್ ಒಟ್ಟೊ, 1917: ಪವಿತ್ರವೆಂದರೆ ಹೆದರಿಸುತ್ತಲೇ ಸೆಳೆಯುವ ಒಂದು ಅನುಭವ.
> ಇಲ್ಲಿ: ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದ ಮೇಲೆ ನುಡಿಯುವ ಕಾರ್ಣಿಕ. ಅದೇ ಮಾತನ್ನು ಮರುದಿನ ಚಹಾದಂಗಡಿಯಲ್ಲಿ ಆಡಿದರೆ ಅದು ಸುದ್ದಿ, ಕಾರ್ಣಿಕವಲ್ಲ.
> ಇದಲ್ಲ: ಶುದ್ಧ, ಒಳ್ಳೆಯದು, ದೇವರದ್ದು ಎಂಬುದಕ್ಕೆ ಇನ್ನೊಂದು ಹೆಸರಲ್ಲ.
> ನೋಡಿ: ಬಳಕೆ, ಮಡಿ, ನಿಷೇಧ.

ಒಟ್ಟೊನನ್ನು ಸೇರಿಸಲೇಬೇಕಾಯಿತು. ಮೀಸಲು ಎಂಬ ಪದದಲ್ಲಿ ಕಟ್ಟು ಇದೆ, ಮೈ ನಡುಗುವುದು ಇಲ್ಲ. ‘ಸದ್ದಲೇ’ ಎಂದಾಗ ಅಷ್ಟು ದೊಡ್ಡ ಜಾತ್ರೆಯ ಜನ ಉಸಿರು ಬಿಗಿಹಿಡಿಯುವುದನ್ನು ಕಟ್ಟು ಎಂಬ ಒಂದೇ ಮಾತಿನಿಂದ ವಿವರಿಸಲಾಗದು.

ಈ ಪದಕ್ಕೆ ಉದಾಹರಣೆ ಆಯುವಾಗ ಒಂದು ಎಚ್ಚರ. ‘ದೇವರಿಗೆ ಮೀಸಲಾದ ವ್ಯಕ್ತಿ’ ಎಂದ ತಕ್ಷಣ ನಮ್ಮ ಸೀಮೆಯಲ್ಲಿ ಯಾರಾದರೂ ಮುತ್ತು ಕಟ್ಟುವ ಪದ್ಧತಿಯನ್ನು ಎತ್ತಿಯೇ ಎತ್ತುತ್ತಾರೆ. ಅದನ್ನು ಬರಿಯ ಉದಾಹರಣೆಯಾಗಿ ಬರೆದು ಸುಮ್ಮನಾಗುವ ಹಾಗಿಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ 1982ರಲ್ಲೇ ಕಾಯ್ದೆ ಬಂದಿದೆ, ಅದು ಅಪರಾಧ ಎಂಬ ಮಾತು ಅದೇ ಸಾಲಿನಲ್ಲಿ ಇರಬೇಕು. ನಾವು ಅದಕ್ಕೆ ಪ್ರತ್ಯೇಕ ಪದ ಕೊಟ್ಟು, ಕಾಯ್ದೆಯನ್ನು ‘ಎಲ್ಲಿಂದ’ ಸಾಲಿನಲ್ಲೇ ಇಟ್ಟೆವು.

ಎದುರು ಪದ ಯಾವುದು

ಪವಿತ್ರಕ್ಕೆ ಎದುರು ‘ಅಪವಿತ್ರ’ ಎಂದು ಬರೆದರೆ ಮೇಲೆ ಮಾಡಿದ್ದೆಲ್ಲ ನೀರುಪಾಲು. ಡರ್ಖೈಮನ ಇನ್ನೊಂದು ಪಾಲಿಗೆ ಇಂಗ್ಲಿಷಿನಲ್ಲಿ ಪ್ರೊಫೇನ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದು ‘ಗುಡಿಯ ಮುಂದೆ’, ಅಂದರೆ ಗುಡಿಯ ಹೊರಗೆ. ಹೊರಗಿರುವುದು ಹೊಲಸಲ್ಲ, ಬರೇ ಬಳಕೆಯದು. ‘ಲೌಕಿಕ’ ಎಂಬ ರೂಢಿಯ ಅನುವಾದ ಪರವಾಗಿಲ್ಲ, ಆದರೆ ಅದನ್ನು ಓದಿದವರು ‘ಸಂಸಾರಸ್ಥ’ ಎಂದುಕೊಳ್ಳುತ್ತಾರೆ. ನಾವು ‘ಬಳಕೆ’ ಎಂದು ಇಟ್ಟು, ಲೌಕಿಕ ಎಂಬಲ್ಲಿ ‘ಬಳಕೆ ನೋಡಿ’ ಎಂದೆವು.

ಹಾಗಾದರೆ ಮಡಿ-ಮೈಲಿಗೆ ಎಲ್ಲಿ? ಅದು ಬೇರೆಯದೇ ಒಂದು ಅಳತೆ. ಮೀಸಲು-ಬಳಕೆ ಒಂದು ಗೆರೆ, ಮಡಿ-ಮೈಲಿಗೆ ಅದಕ್ಕೆ ಅಡ್ಡ ಎಳೆದ ಇನ್ನೊಂದು ಗೆರೆ. ಇದನ್ನು ಹಲಗೆಯ ಮೇಲೆ ನಾಲ್ಕು ಮನೆ ಬರೆದು ತೋರಿಸಿದರೆ ಕೂಡಲೇ ತಿಳಿಯುತ್ತದೆ. ಗರ್ಭಗುಡಿಯ ಪೂಜೆಸಾಮಾನು ಮೀಸಲೂ ಹೌದು, ಮಡಿಯೂ ಹೌದು. ಮಡಿಯಲ್ಲಿ ತಂದ ಅಡಿಗೆಯ ನೀರು ಮಡಿ, ಆದರೆ ಮೀಸಲಲ್ಲ, ಮನೆಮಂದಿಗೆಲ್ಲ ಅದರಲ್ಲೇ ಅಡಿಗೆ. ಬಚ್ಚಲ ನೀರು ಎರಡೂ ಅಲ್ಲ. ನಾಲ್ಕನೆಯ ಮನೆ, ಅಂದರೆ ಮೀಸಲಾಗಿದ್ದೂ ಮಡಿಯಲ್ಲದ್ದು, ಖಾಲಿ ಉಳಿದೀತು ಎಂದುಕೊಂಡರೆ ಅಲ್ಲಿ ಹುಬ್ಬಳ್ಳಿಯ ಹೋಳಿ ಬಂದು ಕೂರುತ್ತದೆ. ಕದ್ದು ತಂದ ಕಟ್ಟಿಗೆ-ಕುಳ್ಳು, ಬೈಗುಳ, ಬಾಯಿ ಬಡಿದುಕೊಳ್ಳುವುದು, ಹಲಗೆಯ ಸದ್ದು. ಯಾವುದಕ್ಕೂ ಮಡಿಯಿಲ್ಲ. ಆದರೂ ಆ ಕಾಮನ ಬೆಂಕಿಗೆ ಕಟ್ಟು ಇದೆ, ಅದನ್ನು ಮನೆಗೆ ತಂದು ಒಲೆ ಹೊತ್ತಿಸುವವರಿದ್ದಾರೆ.

ಮಡಿಯ ಪದಕ್ಕೆ ಎರಡು ಹೆಸರು ಕೊಟ್ಟೆವು: ಕೊಡಗಿನ ಬಗ್ಗೆ ಬರೆದ ಎಂ.ಎನ್. ಶ್ರೀನಿವಾಸ್, 1952, ಮತ್ತು ಮೇರಿ ಡಗ್ಲಸ್, 1966. ಡಗ್ಲಸ್ ಬೆಳೆಸಿದ ಮಾತು ಸರಳ. ಹೊಲಸು ಎಂಬುದು ವಸ್ತುವಿನ ಗುಣವಲ್ಲ, ಇರಬಾರದ ಜಾಗದಲ್ಲಿರುವುದು. ಹೊಲದಲ್ಲಿದ್ದಾಗ ಮಣ್ಣು, ತಾಟಿನಲ್ಲಿದ್ದಾಗ ಹೊಲಸು. ಇದಕ್ಕೆ ಬೇರೆ ಉದಾಹರಣೆ ಬೇಡ.

ಇಂಗ್ಲಿಷಿನ ಟಾಬೂಗೆ ನಾವು ಇಟ್ಟ ‘ನಿಷೇಧ’ ಚಿಕ್ಕ ಪದ. ಟಾಬೂ ಎಂಬುದು ಪೆಸಿಫಿಕ್ ಸಾಗರದ ಟೋಂಗಾ ದ್ವೀಪದ ಮಾತಿನಿಂದ 1777ರಲ್ಲಿ ಕುಕ್ ಎಂಬ ನಾವಿಕ ಇಂಗ್ಲಿಷಿಗೆ ತಂದದ್ದು. ಸರಕಾರದ ನಿಷೇಧ ಮುರಿದರೆ ಪೊಲೀಸರು ಬರುತ್ತಾರೆ, ಈ ನಿಷೇಧ ಮುರಿದರೆ ಯಾರೂ ಬರದಿದ್ದರೂ ಕೇಡು ತಾನಾಗಿ ಬರುತ್ತದೆಂಬ ನಂಬಿಕೆ ಇದೆ. ಅಷ್ಟು ಸಾಕು.

ಆಚರಣೆಗೆ ಒಂದು ಪರೀಕ್ಷೆ

ಕನ್ನಡದಲ್ಲಿ ಆಚರಣೆ ಬಹಳ ಸಡಿಲ ಪದ. ಹುಟ್ಟುಹಬ್ಬದ ಆಚರಣೆ, ರಾಜ್ಯೋತ್ಸವದ ಆಚರಣೆ, ಸೂತಕದ ಆಚರಣೆ ಎಲ್ಲವೂ ಒಂದೇ ಚೀಲದಲ್ಲಿ. ಬಿಗಿ ಮಾಡಲು ತಲೆಪದವನ್ನು ‘ವಿಧಿ’ ಎಂದೆವು. ಕೂಡಲೇ ಇನ್ನೊಂದು ಕಡೆ ಸೋರಿತು. ವಿಧಿ ಎಂದರೆ ಹಣೆಬರಹ ಎಂದುಕೊಂಡು ‘ವಿಧಿಯ ಆಟ’ ಎಂದು ಉತ್ತರ ಬರೆದವರು ಸಿಕ್ಕರು. ಕೊನೆಗೆ ‘ವಿಧಿ-ಆಚರಣೆ’ ಎಂದು ಜೋಡಿಸಿದೆವು. ಚೆಂದವಿಲ್ಲ, ಆದರೆ ಸೋರುವುದಿಲ್ಲ.

ವಿವರಣೆಗಿಂತ ಇಲ್ಲಿ ಉಪಯೋಗಕ್ಕೆ ಬಂದದ್ದು ಒಂದು ಪರೀಕ್ಷೆ. ಕ್ರಮ ತಪ್ಪಿದಾಗ ಹಿರಿಯರು ಏನೆನ್ನುತ್ತಾರೆ ಎಂದು ಕೇಳಿಕೊಳ್ಳಿ. ‘ಚಲೋ ಆಗಲಿಲ್ಲ’ ಎಂದರೆ ಅದು ಕಾರ್ಯಕ್ರಮ. ‘ತಪ್ಪಾತು, ಮತ್ತ ಮಾಡ್ರಿ’ ಎಂದರೆ ವಿಧಿ-ಆಚರಣೆ. ಕುಬಸದಲ್ಲಿ ಊಟಕ್ಕೆ ಉಪ್ಪು ಕಡಿಮೆಯಾದರೆ ಮೊದಲ ಮಾತು, ಉಡಿ ತುಂಬುವುದನ್ನೇ ಮರೆತರೆ ಎರಡನೆಯದು. ಒಂದೇ ಸಮಾರಂಭದೊಳಗೆ ಎರಡೂ ಇರಬಹುದು ಎಂಬುದನ್ನೂ ಇದು ತೋರಿಸಿಕೊಡುತ್ತದೆ. ಧ್ವಜ ಏರಿಸುವಾಗ ತಲೆಕೆಳಗಾದರೆ? ‘ತಪ್ಪಾಯಿತು’ ಎನ್ನುತ್ತಾರೆ. ಆದ್ದರಿಂದ ದೇವರಿಲ್ಲದೆಯೂ ವಿಧಿ-ಆಚರಣೆ ಇದೆ ಎಂದು ‘ಇದಲ್ಲ’ ಸಾಲಿನಲ್ಲಿ ಬರೆದೆವು.

ಇದರ ಬೆನ್ನಿಗೇ ಬರುವ ಪದ ವ್ಯಾನ್ ಗೆನೆಪ್ 1909ರಲ್ಲಿ ಗುರುತಿಸಿದ ‘ದಾಟುವ ವಿಧಿ’. ಮೊದಲು ಹಳೆಯ ಸ್ಥಾನದಿಂದ ಬಿಡಿಸುವುದು, ನಡುವೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಲ್ಲಿಸುವುದು, ಆಮೇಲೆ ಹೊಸ ಸ್ಥಾನಕ್ಕೆ ಸೇರಿಸುವುದು. ನಡುವಿನದಕ್ಕೆ ಲ್ಯಾಟಿನ್ನಿನ ಹೊಸ್ತಿಲು ಎಂಬ ಪದದಿಂದಲೇ ಹೆಸರು ಬಂದಿದೆ. 1960ರ ದಶಕದಲ್ಲಿ ವಿಕ್ಟರ್ ಟರ್ನರ್ ಅದನ್ನು ಬೆಳೆಸಿದ. ಕನ್ನಡದಲ್ಲಿ ಇದಕ್ಕೆ ಮಧ್ಯಸ್ಥಿತಿ, ಸಂಧಿಸ್ಥಿತಿ ಎಂದೆಲ್ಲ ಬರೆದರೆ ಹೊಸ್ತಿಲೇ ಮಾಯವಾಗುತ್ತದೆ. ‘ಹೊಸ್ತಿಲ ಸ್ಥಿತಿ’ ಎಂದೇ ಇಟ್ಟೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರಿನ ಮುಂದೆ ನಿಂತ ಸೊಸೆ ಒದೆಯುವ ತನಕ ಆ ಮನೆಯವಳಲ್ಲ, ತವರಿನವಳೂ ಅಲ್ಲ. ಉದಾಹರಣೆಯೂ ಪದವೂ ಒಂದೇ ಜಾಗದಲ್ಲಿ ಸಿಕ್ಕಿತು.

ಮಿಥ್ ಮಿಥ್ಯೆಯಲ್ಲ

ಉಚ್ಚಾರ ಹತ್ತಿರ ಇರುವುದರಿಂದ ಮಿಥ್ ಎಂದರೆ ಮಿಥ್ಯೆ, ಸುಳ್ಳು ಎಂದು ಬರೆಯುವುದು ಪ್ರತಿ ವರ್ಷದ ಮಾತು. ಮಿಥ್ ಗ್ರೀಕಿನ ‘ಮ್ಯೂಥೋಸ್’ನಿಂದ ಬಂದದ್ದು, ಮಾತು, ಕತೆ ಎಂದು ಅರ್ಥ. ಮಿಥ್ಯೆ ಸಂಸ್ಕೃತದ್ದು. ಎರಡಕ್ಕೂ ನಂಟಿಲ್ಲ. ಇತ್ತ ‘ಪುರಾಣ’ ಎಂದರೆ ಬರೆದಿಟ್ಟ ಗ್ರಂಥಗಳ ಒಂದು ಜಾತಿ, ಹದಿನೆಂಟು ಮಹಾಪುರಾಣ ಎಂದು ಎಣಿಸುತ್ತಾರೆ. ಯಾವ ಗ್ರಂಥವನ್ನೂ ನೆಚ್ಚದೆ ಹಾಡಿನಲ್ಲೇ ಬದುಕಿರುವ ಕತೆಗಳಿಗೆ ಆ ಹೆಸರು ಒಗ್ಗುವುದಿಲ್ಲ. ತಲೆಪದ ‘ಪುರಾಕಥೆ’ ಆಯಿತು, ಮಿಥ್ ಎಂಬಲ್ಲಿ ಅದಕ್ಕೆ ದಾರಿ ತೋರಿಸಿದೆವು.

ವಿವರಣೆಗೆ ವಿಲಿಯಂ ಬಾಸ್ಕಮ್ 1965ರಲ್ಲಿ ಕೊಟ್ಟ ವಿಂಗಡಣೆ ಮೊದಲ ವರ್ಷಕ್ಕೆ ಹದವಾಗಿದೆ. ಪುರಾಕಥೆಯನ್ನು ಹೇಳುವವರು ನಿಜವೆಂದು ನಂಬುತ್ತಾರೆ, ಅದು ಬಹಳ ಹಿಂದೆ, ಬೇರೆಯೇ ರೀತಿಯ ಜಗತ್ತಿನಲ್ಲಿ ನಡೆದದ್ದು, ಪಾತ್ರಗಳು ಹೆಚ್ಚಾಗಿ ಮನುಷ್ಯರಲ್ಲ, ಕತೆಯನ್ನು ಪವಿತ್ರವೆಂದು ಕಾಣುತ್ತಾರೆ. ಐತಿಹ್ಯವನ್ನೂ ನಂಬುತ್ತಾರೆ, ಆದರೆ ಅದು ಇತ್ತೀಚಿನ ಕಾಲದ್ದು, ನಮ್ಮದೇ ಜಗತ್ತಿನದು, ಮುಖ್ಯ ಪಾತ್ರ ಮನುಷ್ಯರು. ಜನಪದ ಕತೆಯನ್ನು ಕತೆಯೆಂದೇ ಹೇಳುತ್ತಾರೆ, ಯಾವ ಕಾಲವಾದರೂ ಆದೀತು. ಮೂರಕ್ಕೂ ಕೀಲಿ ‘ಹೇಳುವವರು ನಂಬುತ್ತಾರೆಯೇ’ ಎಂಬುದು. ಕತೆ ನಿಜವೋ ಸುಳ್ಳೋ ಎಂದು ಪದಕೋಶ ತೀರ್ಪು ಕೊಡುವುದಿಲ್ಲ. ‘ಅಂಧಶ್ರದ್ಧೆ’ ಎಂಬ ಪದ ಎರಡು ಕಡೆ ನುಸುಳಿತ್ತು, ತೆಗೆದೆವು. ‘ಅವರು ನಂಬುತ್ತಾರೆ’ ಎಂಬ ಒಕ್ಕಣೆಯನ್ನೂ ತೆಗೆದೆವು, ಏಕೆಂದರೆ ಓದುವವರಲ್ಲಿ ಅರ್ಧ ಮಂದಿ ಆ ‘ಅವರೇ’. ‘ಹೇಳುವವರು’, ‘ಮಾಡುವವರು’ ಎಂದು ಬರೆದರೆ ಯಾರೂ ಹೊರಗುಳಿಯುವುದಿಲ್ಲ.

ಜೋಕುಮಾರನ ಮೇಲೆ ಉಜ್ಜಿ ನೋಡಿದ್ದು

ಪದಗಳು ಒಂದೊಂದಾಗಿ ಸರಿ ಕಂಡರೂ ಒಟ್ಟಿಗೆ ಕೆಲಸ ಮಾಡುತ್ತವೆಯೇ ಎಂದು ತಿಳಿಯಲು ಒಂದೇ ಹಬ್ಬವನ್ನು ಎಲ್ಲದರ ಮೇಲೂ ಉಜ್ಜಿ ನೋಡಬೇಕು. ನಾವು ಆಯ್ದದ್ದು ಜೋಕುಮಾರ. ಗಣಪ್ಪನ ಹಬ್ಬದ ನಂತರ ಭಾದ್ರಪದದ ಅಷ್ಟಮಿಗೆ ಹುಟ್ಟುತ್ತಾನೆ, ಏಳು ದಿನ ಊರೂರು ತಿರುಗುತ್ತಾನೆ, ಹುಣ್ಣಿಮೆಗೆ ಸಾಯುತ್ತಾನೆ. ಅಂಬಿಗ, ಗಂಗಾಮತ ಮೊದಲಾದ ಸಮುದಾಯದ ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಇಟ್ಟು ಹೊತ್ತು, ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಹಚ್ಚಿ, ಮೊರದಲ್ಲಿ ಕಾಳು ನೀಡುತ್ತಾರೆ.

ಪುರಾಕಥೆಯ ಪದ ಮೊದಲ ಏಟಿಗೇ ಅಲುಗಾಡಿತು. ‘ಬಹಳ ಹಿಂದೆ ನಡೆದದ್ದು’ ಎಂದು ಬರೆದಿದ್ದೆವು, ಇವನೋ ವರ್ಷಾ ವರ್ಷ ಹುಟ್ಟಿ ಸಾಯುತ್ತಾನೆ. ಕತೆ ಹಿಂದಿನದು, ವಿಧಿ ಅದನ್ನು ಈ ವಾರಕ್ಕೆ ತರುತ್ತದೆ. ಮಿರ್ಚಾ ಎಲಿಯಾದ್ ಹೇಳುವ ಮರಳಿ ಬರುವ ಕಾಲ ಇದೇ. ಹಾಗಾಗಿ ‘ಪವಿತ್ರ ಕಾಲ’ ಎಂಬ ಹೊಸ ಪದ ಸೇರಿತು, ಅದಕ್ಕೆ ಜಾಗ ಮಾಡಲು ‘ಉತ್ಸವ’ವನ್ನು ಕೈಬಿಟ್ಟೆವು.

ಎರಡನೆಯ ಏಟು ಪವಿತ್ರಕ್ಕೆ. ಇವನು ದೇವರ ಮಗನಾದರೂ ಹಾಡುಗಳಲ್ಲಿ ತುಂಟ, ಹೆಣ್ಣಿನ ಹಂಬಲದವನು, ಕೊನೆಗೆ ಜನರ ಕೈಯಲ್ಲೇ ಸಾಯುವವನು. ‘ಪವಿತ್ರ ಎಂದರೆ ಒಳ್ಳೆಯದು’ ಎಂಬ ಮನೆಮಾತಿನ ಅರ್ಥ ಇಟ್ಟುಕೊಂಡರೆ ಇವನಿಗೆ ಜಾಗವೇ ಇಲ್ಲ. ‘ಮೀಸಲು, ಕಟ್ಟು’ ಎಂದರೆ ಇದೆ: ಅವನನ್ನು ಹೊರುವವರು ಇಂಥವರೇ, ತಿರುಗುವ ದಿನ ಇಷ್ಟೇ, ಕೊನೆ ಇಂಥ ಜಾಗದಲ್ಲೇ. ಹಲವು ಊರುಗಳಲ್ಲಿ ಅವನ ಕೊನೆ ಅಗಸರ ಬಂಡೆಯ ಹತ್ತಿರ. ಆಮೇಲೆ ಮೂರು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ. ಬಳಕೆಯ ಕಲ್ಲಿಗೆ ಮೂರು ದಿನದ ಮಟ್ಟಿಗೆ ಕಟ್ಟು ಬಿತ್ತು. ಪವಿತ್ರ, ಬಳಕೆ, ನಿಷೇಧ ಮೂರೂ ಆ ಒಂದು ಕಲ್ಲಿನ ಮೇಲೆ ಕಾಣುತ್ತವೆ.

ವಿವರಗಳು ಊರಿಂದ ಊರಿಗೆ ಬದಲಾಗುತ್ತವೆ: ಯಾರು ಕೊಲ್ಲುವುದು, ಎಲ್ಲಿ, ಮರಳಿ ಏನು ಕೊಡುವುದು. ಆದ್ದರಿಂದ ‘ಇಲ್ಲಿ’ ಸಾಲಿನಲ್ಲಿ ‘ಉತ್ತರ ಕರ್ನಾಟಕದಲ್ಲಿ’ ಎಂದು ಬರೆಯಬೇಡಿ. ಊರು ಇಲ್ಲವೇ ತಾಲ್ಲೂಕು ಬರೆಯಿರಿ. ತರಗತಿಯಲ್ಲಿ ಒಬ್ಬರಾದರೂ ‘ನಮ್ಮಲ್ಲಿ ಹಂಗ ಮಾಡೂದಿಲ್ರಿ’ ಎನ್ನುತ್ತಾರೆ, ಅವರ ಮಾತೂ ಸರಿಯೇ ಇರುತ್ತದೆ.

ಗಾಣದ ಎತ್ತು ಹಿಡಿಯುವುದು

38 ಪದಗಳಿಗೆ ಕಂಪ್ಯೂಟರ್ ಬೇಡ. ನೆಲದ ಮೇಲೆ ಚೀಟಿ ಹರವಿ, ಒಂದು ಪದದ ವಿವರಣೆಯಲ್ಲಿ ಇನ್ನೊಂದು ತಲೆಪದ ಬಂದರೆ ಸೀಮೆಸುಣ್ಣದಿಂದ ಅಲ್ಲಿಗೆ ಬಾಣ ಎಳೆಯಿರಿ. ಹೊರಟ ಚೀಟಿಗೇ ಬಾಣ ಮರಳಿದರೆ ಅಲ್ಲಿ ಗಾಣ ತಿರುಗುತ್ತಿದೆ. ‘ನೋಡಿ’ ಸಾಲನ್ನು ಇದಕ್ಕೆ ಎಣಿಸಬಾರದು, ಅದು ಎರಡೂ ಕಡೆಗೆ ಇರುವುದೇ ಸರಿ. ಗಾಣ ನಿಲ್ಲಿಸಲು ಆ ಸುತ್ತಿನ ಒಂದು ಪದವನ್ನಾದರೂ ಬೇರೆ ತಲೆಪದದ ಹಂಗಿಲ್ಲದೆ, ಕಣ್ಣಿಗೆ ಕಾಣುವ ಕೆಲಸದ ಮೂಲಕ ವಿವರಿಸಬೇಕು. ನಮ್ಮಲ್ಲಿ ಆ ಗೂಟ ‘ಮೀಸಲಾಗಿ ತೆಗೆದಿಡುವುದು’. ಪುರಾಕಥೆ ಪವಿತ್ರವನ್ನು ನೆಚ್ಚಿದೆ, ಪವಿತ್ರ ಯಾವುದನ್ನೂ ನೆಚ್ಚಿಲ್ಲ.

ಕಂಪ್ಯೂಟರ್ ಕೈಕೊಟ್ಟದ್ದು ಹುಡುಕುವಾಗ. ಡರ್ಖೈಮ್, ದುರ್ಖೈಮ್, ಡರ್ಕ್‌ಹೀಮ್ ಎಂದು ಮೂರು ಬರಹ ಇದ್ದವು, ಅದನ್ನು ಕಣ್ಣು ಹಿಡಿಯಿತು. ಕಣ್ಣು ಹಿಡಿಯದ್ದು ‘ಟೋಟೆಮ್’. ಎರಡು ಕಡೆ ಒಂದೇ ರೀತಿ ಕಂಡರೂ ಹುಡುಕಿದರೆ ಒಂದೇ ಸಿಗುತ್ತಿತ್ತು. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ಮುಂದೆ ಕಾಣದ ಒಂದು ಚಿಹ್ನೆ ಹಾಕುತ್ತವೆ, ಒತ್ತಕ್ಷರ ಕೂಡದಿರಲಿ ಎಂದು. ಇಡೀ ಕಡತದಿಂದ ಅದನ್ನು ಅಳಿಸಿದರೆ ಡರ್ಕ್‌ಹೀಮ್‌ನಂಥ ಪದಗಳಲ್ಲಿ ಅಕ್ಷರಗಳು ಒಂದರ ಕೆಳಗೊಂದು ಸೇರಿ ಓದಲು ಬಾರದಂತಾಗುತ್ತವೆ. ಅದಕ್ಕೇ ಸ್ಪ್ರೆಡ್‌ಶೀಟಿನಲ್ಲಿ ಪದಗಳ ಪಕ್ಕದ ಕಾಲಂನಲ್ಲಿ ಹುಡುಕಲು ಮಾತ್ರ ಒಂದು ಸ್ವಚ್ಛ ಪ್ರತಿ:

```
=SUBSTITUTE(A2,UNICHAR(8204),"")
```

ಹುಡುಕುವುದು, ಎರಡು ಸಲ ಬಂದ ಪದ ಹಿಡಿಯುವುದು ಈ ಕಾಲಂ ಮೇಲೆ. ಅಚ್ಚಿಗೆ ಹೋಗುವುದು ಮೂಲ ಕಾಲಂ.

ಹತ್ತು ಮಂದಿಗೆ ಕೊಟ್ಟು ನೋಡುವುದು

ವಿವರಣೆ ‘ತಿಳೀತೇನ್ರಿ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ಪದದ ಹಾಳೆಯ ಜೊತೆ ಐದು ಸನ್ನಿವೇಶ ಕೊಟ್ಟು, ಯಾವುದು ಈ ಪದಕ್ಕೆ ಸೇರುತ್ತದೆ ಎಂದು ಗುರುತು ಹಾಕಲು ಹೇಳಿ. ಐದರಲ್ಲಿ ಎರಡು ಸ್ಪಷ್ಟವಾಗಿ ಸೇರಬೇಕು, ಎರಡು ಸ್ಪಷ್ಟವಾಗಿ ಸೇರಬಾರದು, ಒಂದು ಗಡಿಯ ಮೇಲಿರಬೇಕು. ಸ್ಪಷ್ಟವಾದ ನಾಲ್ಕರಲ್ಲಿ ಹತ್ತಕ್ಕೆ ಎಂಟು ಮಂದಿಯ ಉತ್ತರ ಕೂಡದಿದ್ದರೆ ಆ ಪದವನ್ನು ಮತ್ತೆ ಬರೆಯುವುದು. ಗಡಿಯ ಸನ್ನಿವೇಶದಲ್ಲಿ ಎಲ್ಲರ ಉತ್ತರವೂ ಒಂದೇ ಬಂದರೆ ಅದೂ ಅನುಮಾನ: ವಿವರಣೆ ಎಲ್ಲೋ ಅತಿ ಬಿಗಿಯಾಗಿದೆ, ಇಲ್ಲವೇ ಒಬ್ಬರದ್ದು ಇನ್ನೊಬ್ಬರು ನೋಡಿದ್ದಾರೆ.

ಈ ಜರಡಿಯಲ್ಲಿ ಕೊನೆಯ ತನಕ ನಿಲ್ಲದ ಪದ ‘ಬಲಿ’. ಕುರಿ ಕಡಿಯುವುದನ್ನು ಎಲ್ಲರೂ ಗುರುತು ಹಾಕಿದರು, ಕುಂಬಳಕಾಯಿ ಒಡೆಯುವುದನ್ನು ಅರ್ಧ ಮಂದಿ, ಹೊಲದಲ್ಲಿ ಚರಗ ಚೆಲ್ಲುವುದನ್ನು ಯಾರೂ ಇಲ್ಲ. ಶೀಗಿ ಹುಣ್ಣಿಮೆಗೆ ಮನೆಯಲ್ಲಿ ಯಾರೂ ಉಣ್ಣುವ ಮೊದಲು ತೆಗೆದಿಟ್ಟ ಅನ್ನವನ್ನು ಬೆಳೆಯ ನಡುವೆ ಚೆಲ್ಲಿ ಬರುವುದರಲ್ಲಿ ರಕ್ತವಿಲ್ಲ, ಆದರೆ ಕೊಟ್ಟದ್ದು ಮರಳಿ ಬರುವುದಿಲ್ಲ. ಈಗಿನ ಅಚ್ಚಿನಲ್ಲಿ ಬಲಿಯ ‘ಇಲ್ಲಿ’ ಸಾಲಿಗೆ ಕುರಿಯನ್ನು ತೆಗೆದು ಚರಗವನ್ನು ಇಟ್ಟಿದ್ದೇವೆ, ಅದರ ಕೆಳಗೆ ಎರಡು ಸಾಲು ಖಾಲಿ ಬಿಟ್ಟು ‘ನಿಮ್ಮೂರಾಗ ಇದಕ್ಕ ಏನಂತಾರ?’ ಎಂದು ಬರೆದಿದ್ದೇವೆ.